ರಾತ್ರಿ ಯಾವುದಕ್ಕೆ ಫೋನ್ ಬರಬೇಕು, ಯಾವುದು ಬೆಳಗಿನವರೆಗೆ ಕಾಯಬಹುದು?

ಇಂಥ ಹೊತ್ತಿಗೆ ಇಂಥ ಕೆಲಸ ಮಾಡು ಎಂದು ಕಂಪ್ಯೂಟರಿಗೆ ಮೊದಲೇ ಹೇಳಿಡುವ ವ್ಯವಸ್ಥೆ 1970ರ ದಶಕದಿಂದಲೂ ಇದೆ. ಯುನಿಕ್ಸ್ ವ್ಯವಸ್ಥೆಯ ಜೊತೆ ಬಂದ cron ಎಂಬ ಪುಟ್ಟ ಪ್ರೋಗ್ರಾಂ ಇಂದಿಗೂ ಲಕ್ಷಾಂತರ ಸರ್ವರ್‌ಗಳಲ್ಲಿ ಇದೇ ಕೆಲಸ ಮಾಡುತ್ತಿದೆ. ದತ್ತಾಂಶದ ಬ್ಯಾಕಪ್ ತೆಗೆಯುವುದು, ಬಡ್ಡಿ ಲೆಕ್ಕ ಹಾಕುವುದು, ಬ್ಯಾಂಕಿಗೆ ಪಾವತಿ ಪಟ್ಟಿ ಕಳಿಸುವುದು, ದಿನದ ವರದಿ ಸಿದ್ಧಪಡಿಸುವುದು, ಇವೆಲ್ಲ ಹೆಚ್ಚಾಗಿ ಜನ ಮಲಗಿರುವಾಗ ತಾವಾಗಿ ನಡೆದುಹೋಗುವ ಕೆಲಸಗಳು. ಈ ರಂಗದವರು ಇವನ್ನು ಜಾಬ್ ಎನ್ನುತ್ತಾರೆ. ಜಾಬ್ ಸರಿಯಾಗಿ ನಡೆದ ದಿನ ಅದು ಇದೆ ಎಂಬುದೇ ಯಾರ ಗಮನಕ್ಕೂ ಬರುವುದಿಲ್ಲ. ವಿಫಲವಾದ ದಿನ ಮಾತ್ರ ಅದನ್ನು ಯಾರಿಗೆ, ಯಾವಾಗ, ಹೇಗೆ ತಿಳಿಸಬೇಕು ಎಂಬ ಪ್ರಶ್ನೆ ಏಳುತ್ತದೆ.

ವಿಫಲವಾದ ಪ್ರತಿಯೊಂದು ಜಾಬ್‌ಗೂ ಪಾಳಿಯಲ್ಲಿರುವ ಎಂಜಿನಿಯರಿಗೆ ಫೋನ್ ಹೋಗುವಂತೆ ಮಾಡುವುದು ಸುಲಭ. ಯಾವುದಕ್ಕೂ ಹೋಗದಂತೆ ಮಾಡುವುದು ಇನ್ನೂ ಸುಲಭ. ಮೊದಲನೆಯದರಲ್ಲಿ ಕೆಲವೇ ವಾರಗಳಲ್ಲಿ ಆ ಎಂಜಿನಿಯರು ಫೋನ್ ನೋಡದೆಯೇ ಅದರ ಸದ್ದು ಅಡಗಿಸುವುದನ್ನು ಕಲಿಯುತ್ತಾರೆ. ಎರಡನೆಯದರಲ್ಲಿ ತೊಂದರೆಯ ಸುದ್ದಿ ಗ್ರಾಹಕರ ಬಾಯಿಂದ ಬರುತ್ತದೆ. ಇವೆರಡರ ನಡುವೆ ಸರಿಯಾದ ಗೆರೆ ಎಳೆಯಲು ಅಲರ್ಟ್‌ಗಳನ್ನು ತುರ್ತಿನ ದರ್ಜೆಗಳಾಗಿ ವಿಂಗಡಿಸುತ್ತಾರೆ. ಯಾವ ದರ್ಜೆಯದು ಯಾರಿಗೆ, ಯಾವ ದಾರಿಯಲ್ಲಿ ಹೋಗಬೇಕೆಂದು ಗೊತ್ತುಮಾಡುವುದನ್ನು ರೂಟಿಂಗ್ ಎನ್ನುತ್ತಾರೆ.

ದೋಷ ಎಷ್ಟು ದೊಡ್ಡದು ಎಂಬುದು ಪ್ರಶ್ನೆಯಲ್ಲ

ಪ್ರೋಗ್ರಾಂಗಳು ತಮ್ಮ ದಿನಚರಿಯನ್ನು, ಅಂದರೆ ಲಾಗ್ ಅನ್ನು ಬರೆಯುವಾಗಲೇ ಪ್ರತಿ ಸಾಲಿಗೂ ಒಂದು ಮಟ್ಟವನ್ನು ನಮೂದಿಸುತ್ತವೆ. ಸಿಸ್ಲಾಗ್ ಎಂಬ ಹಳೆಯ ಪದ್ಧತಿಯಲ್ಲಿ ಇಂಥ ಎಂಟು ಮಟ್ಟಗಳಿವೆ. ಸೊನ್ನೆ ಎಂದರೆ ಇಡೀ ವ್ಯವಸ್ಥೆಯೇ ಬಳಸಲಾಗದ ಸ್ಥಿತಿಗೆ ಬಂದಿದೆ ಎಂದರ್ಥ. ಏಳು ಎಂದರೆ ಎಂಜಿನಿಯರುಗಳ ಪರೀಕ್ಷೆಗಷ್ಟೇ ಬೇಕಾದ ಸಣ್ಣ ವಿವರ. ಈ ಮಟ್ಟಗಳನ್ನೇ ಅಲರ್ಟ್‌ಗಳಿಗೂ ಬಳಸಿಕೊಂಡರೆ ಆಯಿತಲ್ಲ ಎಂದು ಮೊದಲ ನೋಟಕ್ಕೆ ಅನ್ನಿಸುತ್ತದೆ. ಆದರೆ ಅದು ಕೆಲಸಕ್ಕೆ ಬರುವುದಿಲ್ಲ. ತನ್ನೊಳಗೆ ಏನು ಕೆಟ್ಟಿತು ಎಂಬುದಷ್ಟೇ ಪ್ರೋಗ್ರಾಂಗೆ ಗೊತ್ತು. ಅದು ಸಿದ್ಧಪಡಿಸುವ ಪಟ್ಟಿಗಾಗಿ ಯಾರು ಕಾಯುತ್ತಿದ್ದಾರೆ, ಎಷ್ಟು ಗಂಟೆಗೆ ಬೇಕು, ಬರದಿದ್ದರೆ ಏನಾಗುತ್ತದೆ ಎಂಬುದು ಗೊತ್ತಿಲ್ಲ. ಭಯ ಹುಟ್ಟಿಸುವಂಥ ದೋಷ ಸಂದೇಶ ಕೊಟ್ಟು ನಿಂತ ವರದಿ ಜಾಬ್ ಮಧ್ಯಾಹ್ನದವರೆಗೆ ಕಾಯಬಹುದು. ಒಂದೇ ಒಂದು ಎಚ್ಚರಿಕೆಯ ಸಾಲು ಬರೆದು ಮುಗಿದ ಜಾಬ್ ನೂರಾರು ಜನರ ಬೆಳಗಿನ ಕೆಲಸವನ್ನು ನಿಲ್ಲಿಸಬಹುದು.

ಆದ್ದರಿಂದ ದರ್ಜೆ ನಿರ್ಧರಿಸುವಾಗ ಕೇಳಬೇಕಾದ ಪ್ರಶ್ನೆಗಳು ಎರಡು. ಬೆಳಿಗ್ಗೆ ಜನ ಕೆಲಸಕ್ಕೆ ಬರುವವರೆಗೆ ಕಾದರೆ, ಆಮೇಲೆ ಸರಿಪಡಿಸಲಾಗದಂಥದ್ದು ಏನಾದರೂ ಕೈತಪ್ಪುತ್ತದೆಯೇ? ಕೈತಪ್ಪುವುದಾದರೆ, ಈ ಹೊತ್ತಿನಲ್ಲಿ ಎದ್ದ ಮನುಷ್ಯ ಅದನ್ನು ತಡೆಯಲು ಏನಾದರೂ ಮಾಡಬಲ್ಲನೇ? ಎರಡಕ್ಕೂ ಹೌದು ಎಂಬ ಉತ್ತರ ಬಂದರೆ ಮಾತ್ರ ಎಬ್ಬಿಸಬೇಕು. ಹೊರಗಿನ ಬ್ಯಾಂಕಿನ ಸರ್ವರ್ ನಿಂತಿದ್ದು, ಅದನ್ನು ಅವರೇ ಸರಿಪಡಿಸಬೇಕಾದ ಸ್ಥಿತಿಯಲ್ಲಿ ನಮ್ಮ ಎಂಜಿನಿಯರನ್ನು ಎಬ್ಬಿಸಿದರೆ ಅವರ ನಿದ್ದೆ ಕೆಡುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ.

ಈ ಎರಡು ಪ್ರಶ್ನೆಗಳಿಂದ ಹೊರಡುವ ದರ್ಜೆಗಳು ಮೂರೇ. ಈಗಲೇ ಎಬ್ಬಿಸಬೇಕಾದದ್ದು, ಬೆಳಿಗ್ಗೆ ಕೆಲಸದ ಪಟ್ಟಿಗೆ ಸೇರಬೇಕಾದದ್ದು, ದಾಖಲಾಗಿ ಉಳಿದರೆ ಸಾಕಾದದ್ದು. ಗೂಗಲ್‌ನ ಎಂಜಿನಿಯರುಗಳು ಬರೆದು 2016ರಲ್ಲಿ ಪ್ರಕಟವಾದ ‘ಸೈಟ್ ರಿಲಯಬಿಲಿಟಿ ಎಂಜಿನಿಯರಿಂಗ್’ ಪುಸ್ತಕ ಹೇಳುವುದೂ ಸರಿಸುಮಾರು ಇದೇ ವಿಂಗಡಣೆಯನ್ನು. ಐದೋ ಆರೋ ದರ್ಜೆ ಮಾಡಿಕೊಂಡ ಕಡೆಗಳಲ್ಲಿ ನಡುವಿನ ದರ್ಜೆಗಳು ಚರ್ಚೆಗೆ ಕಾರಣವಾಗುತ್ತವೆಯೇ ಹೊರತು ಮಾಡುವ ಕೆಲಸವೇನೂ ಬದಲಾಗುವುದಿಲ್ಲ. ಫೋನ್ ಮಾಡಬೇಕೋ ಬೇಡವೋ ಎಂಬುದು ಕೊನೆಗೂ ಹೌದು ಅಥವಾ ಇಲ್ಲ ಎಂದಷ್ಟೇ ತೀರ್ಮಾನವಾಗಬೇಕು.

ಒಂದು ಹಾಲು ಒಕ್ಕೂಟದ ರಾತ್ರಿ

ಲೆಕ್ಕ ಹೇಗೆ ನಡೆಯುತ್ತದೆ ಎಂಬುದನ್ನು ಕಲ್ಪಿತ ಉದಾಹರಣೆಯೊಂದರಲ್ಲಿ ನೋಡಬಹುದು. ಒಂದು ಹಾಲು ಒಕ್ಕೂಟದ ಸರ್ವರ್‌ನಲ್ಲಿ ರಾತ್ರಿ ನಾಲ್ಕು ಜಾಬ್ ನಡೆಯುತ್ತವೆ ಎಂದುಕೊಳ್ಳೋಣ. 11 ಗಂಟೆಗೆ ಡೇಟಾಬೇಸ್ ಬ್ಯಾಕಪ್. 1:30ಕ್ಕೆ ಬೂತ್ ಮತ್ತು ಏಜೆಂಟರ ಇಂಡೆಂಟ್‌ಗಳನ್ನೆಲ್ಲ ಕೂಡಿಸಿ, ಯಾವ ರೂಟಿನ ವ್ಯಾನಿಗೆ ಎಷ್ಟು ಕ್ರೇಟ್ ಹಾಲು, ಎಷ್ಟು ಮೊಸರು ಎಂಬ ಲೋಡಿಂಗ್ ಪಟ್ಟಿ. 2:30ಕ್ಕೆ ಉತ್ಪಾದಕರಿಗೆ ಹಣ ಜಮಾ ಮಾಡಲು ಬ್ಯಾಂಕಿಗೆ ಹೋಗಬೇಕಾದ ಪಾವತಿ ಕಡತ. 5 ಗಂಟೆಗೆ ಹಿಂದಿನ ದಿನದ ಮಾರಾಟದ ವರದಿ. ಕಚೇರಿ ಸೋಮವಾರದಿಂದ ಶನಿವಾರದವರೆಗೆ ಬೆಳಿಗ್ಗೆ 9ಕ್ಕೆ ತೆರೆಯುತ್ತದೆ.

ಮೊದಲು ಲೋಡಿಂಗ್ ಪಟ್ಟಿ. ವ್ಯಾನುಗಳು 3 ಗಂಟೆಗೆ ತುಂಬಿಸಿಕೊಳ್ಳಲು ನಿಲ್ಲುತ್ತವೆ, ಆ ಹೊತ್ತಿಗೆ ಪಟ್ಟಿ ಕೈಯಲ್ಲಿರಬೇಕು. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಜಾಬ್ ಮತ್ತೆ ನಡೆಸಲು 10 ನಿಮಿಷ. ಸಾಮಾನ್ಯ ದೋಷವೊಂದನ್ನು ಹುಡುಕಿ ಸರಿಪಡಿಸಲು 30 ನಿಮಿಷ. ಮಲಗಿದ್ದವರು ಎದ್ದು, ಲ್ಯಾಪ್‌ಟಾಪ್ ತೆರೆದು, ಸರ್ವರ್ ಒಳಗೆ ಹೋಗಲು 15 ನಿಮಿಷ. ಒಟ್ಟು 55 ನಿಮಿಷ. ಅಂದರೆ 2:05ರ ಒಳಗೆ ಅವರಿಗೆ ಸುದ್ದಿ ತಲುಪಲೇಬೇಕು. ಆ ಗಳಿಗೆ ರಾತ್ರಿಯಲ್ಲೇ ಬರುವುದರಿಂದ ಮತ್ತು ತಪ್ಪಿದರೆ ಊರಿನ ಬೆಳಗಿನ ಹಾಲು ತಡವಾಗುವುದರಿಂದ ಈ ಜಾಬ್ ಮೊದಲ ದರ್ಜೆಗೆ ಸೇರುತ್ತದೆ.

ಅದರರ್ಥ ವಿಫಲವಾದ ಕ್ಷಣವೇ ಫೋನ್ ಹೋಗಬೇಕೆಂದಲ್ಲ. ರಾತ್ರಿ ಬೀಳುವ ಜಾಬ್‌ಗಳಲ್ಲಿ ಎಷ್ಟೋ ನೆಟ್‌ವರ್ಕ್ ಒಂದು ನಿಮಿಷ ಕಡಿದದ್ದರಿಂದಲೋ, ಡೇಟಾಬೇಸ್ ಆ ಹೊತ್ತಿಗೆ ಬೇರೆ ಕೆಲಸದಲ್ಲಿ ಸಿಕ್ಕಿಕೊಂಡದ್ದರಿಂದಲೋ ಬಿದ್ದಿರುತ್ತವೆ. ಎರಡನೇ ಸಲಕ್ಕೆ ಅವು ಸರಿಯಾಗಿ ನಡೆಯುತ್ತವೆ. ಆದ್ದರಿಂದ 1:40ಕ್ಕೆ ಜಾಬ್ ತಾನಾಗಿ ಇನ್ನೊಮ್ಮೆ ಪ್ರಯತ್ನಿಸುತ್ತದೆ. 1:50ಕ್ಕೂ ಪಟ್ಟಿ ಸಿದ್ಧವಾಗಿರದಿದ್ದರೆ ಮಾತ್ರ ಫೋನ್ ಹೋಗುತ್ತದೆ. ಹತ್ತು ನಿಮಿಷದಲ್ಲಿ ಯಾರೂ ಎತ್ತಿಕೊಳ್ಳದಿದ್ದರೆ 2 ಗಂಟೆಗೆ ಎರಡನೆಯವರಿಗೆ ಕರೆ ಹೋಗುತ್ತದೆ. ಅವರಿಗೂ 2:05ರ ಗಡುವಿಗಿಂತ ಐದು ನಿಮಿಷ ಮೊದಲೇ ಸುದ್ದಿ ಸಿಕ್ಕಂತಾಯಿತು. ಎರಡನೆಯವರನ್ನು ಎಷ್ಟು ಹೊತ್ತಿಗೆ ಕರೆಯಬೇಕು ಎಂಬುದನ್ನು ಸಾಫ್ಟ್‌ವೇರ್ ಕೊಡುವ ಸಿದ್ಧ ಅಂಕಿಗೆ ಬಿಡಬಾರದು. ಅದೂ ಇದೇ ಲೆಕ್ಕದಿಂದಲೇ ಹುಟ್ಟಬೇಕು.

ಪಾವತಿ ಕಡತದ್ದು ಬೇರೆ ಕಥೆ. ರೈತರ ಹಣ ಎಂದಾಕ್ಷಣ ಇದೇ ಎಲ್ಲಕ್ಕಿಂತ ತುರ್ತಿನದು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಬ್ಯಾಂಕ್ ಆ ದಿನದ ಕಡತವನ್ನು ಮಧ್ಯಾಹ್ನ 12ರವರೆಗೆ ತೆಗೆದುಕೊಳ್ಳುತ್ತದೆ. ಮತ್ತೆ ನಡೆಸಲು 20 ನಿಮಿಷ, ದುರಸ್ತಿಗೆ 30 ನಿಮಿಷ, ಕೆಲಸ ಕೈಗೆತ್ತಿಕೊಳ್ಳಲು 10 ನಿಮಿಷ, ಒಟ್ಟು ಒಂದು ಗಂಟೆ. ಸುದ್ದಿ ತಲುಪಬೇಕಾದ ಕೊನೆಯ ಗಳಿಗೆ 11 ಗಂಟೆ. 9ಕ್ಕೆ ಬಂದವರ ಮುಂದೆ ಮೊದಲ ಕೆಲಸವಾಗಿ ಇದು ಕಾಣಿಸಿದರೆ ಎರಡು ಗಂಟೆ ಕೈಯಲ್ಲಿರುತ್ತದೆ. ಹಾಗಾಗಿ ಇದು ಬೆಳಗಿನ ದರ್ಜೆಯದು. ಮುಂದೆ ಬ್ಯಾಂಕ್ ತನ್ನ ಗಡುವನ್ನು 9:30ಕ್ಕೆ ಎಳೆದರೆ, ಜಾಬ್‌ನ ಒಂದು ಸಾಲೂ ಬದಲಾಗದೆ ಅದರ ದರ್ಜೆ ಬದಲಾಗುತ್ತದೆ.

ಈ ಜಾಬ್‌ನಲ್ಲಿ ಇನ್ನೊಂದು ಎಚ್ಚರವೂ ಬೇಕು. ಲೋಡಿಂಗ್ ಪಟ್ಟಿಯನ್ನು ಎರಡು ಸಲ ತಯಾರಿಸಿದರೆ ಹಾನಿಯಿಲ್ಲ, ಹಳೆಯದರ ಮೇಲೆ ಹೊಸದು ಕೂರುತ್ತದೆ. ಪಾವತಿ ಕಡತವನ್ನು ಎರಡು ಸಲ ಕಳಿಸಿದರೆ ಹಣವೇ ಎರಡು ಸಲ ಹೋಗಬಹುದು. ಕಳಿಸುವ ಹಂತದಲ್ಲಿ ಸಂಪರ್ಕ ಕಡಿದಿದ್ದರೆ ಕಡತ ಬ್ಯಾಂಕಿಗೆ ತಲುಪಿತೋ ಇಲ್ಲವೋ ಎಂದು ಜಾಬ್‌ಗೆ ಖಚಿತವಾಗಿ ತಿಳಿಯದು. ಅಂಥಲ್ಲಿ ತಾನಾಗಿ ಮರುಪ್ರಯತ್ನಿಸುವ ಏರ್ಪಾಡನ್ನೇ ಇಡಬಾರದು. ಬೆಳಿಗ್ಗೆ ಒಬ್ಬರು ಬ್ಯಾಂಕಿನ ಸ್ವೀಕೃತಿ ನೋಡಿ, ಆಮೇಲಷ್ಟೇ ಮತ್ತೆ ಕಳಿಸಬೇಕು.

ಬ್ಯಾಕಪ್‌ನ ದರ್ಜೆ ದಿನಕ್ಕೆ ತಕ್ಕಂತೆ ಬದಲಾಗುತ್ತದೆ. ಕೊನೆಯ ಒಳ್ಳೆಯ ಬ್ಯಾಕಪ್ 36 ಗಂಟೆಗಿಂತ ಹಳೆಯದಾಗಬಾರದು ಎಂದು ಒಕ್ಕೂಟ ನಿಯಮ ಮಾಡಿಕೊಂಡಿದೆ ಎನ್ನೋಣ. ಮಂಗಳವಾರ ರಾತ್ರಿ 11ರ ಬ್ಯಾಕಪ್ ಬಿದ್ದರೆ ಕೊನೆಯ ಒಳ್ಳೆಯದು ಸೋಮವಾರ ರಾತ್ರಿಯದು. ಅದರ 36 ಗಂಟೆ ಮುಗಿಯುವುದು ಬುಧವಾರ ಬೆಳಿಗ್ಗೆ 11ಕ್ಕೆ. 9ಕ್ಕೆ ಕೈ ಹಾಕಿ, ಅರ್ಧ ಗಂಟೆಯಲ್ಲಿ ದುರಸ್ತಿ ಮಾಡಿ, ಒಂದು ಗಂಟೆಯ ಬ್ಯಾಕಪ್ ನಡೆಸಿದರೆ 10:30ಕ್ಕೆ ಮುಗಿಯುತ್ತದೆ. ಯಾರನ್ನೂ ಎಬ್ಬಿಸಬೇಕಿಲ್ಲ. ಶನಿವಾರ ರಾತ್ರಿಯ ಬ್ಯಾಕಪ್ ಬಿದ್ದರೆ ಗಡುವು ಭಾನುವಾರ 11ಕ್ಕೆ ಮುಗಿಯುತ್ತದೆ, ಆದರೆ ಕಚೇರಿಗೆ ಜನ ಬರುವುದು ಸೋಮವಾರ. ಹಾಗೆಂದು ಶನಿವಾರ ರಾತ್ರಿಯೇ ಎಬ್ಬಿಸುವ ಅಗತ್ಯವೂ ಇಲ್ಲ. ಭಾನುವಾರ ಬೆಳಿಗ್ಗೆ 8:30ಕ್ಕೆ ಪಾಳಿಯವರಿಗೆ ಫೋನ್ ಹೋದರೆ ಸಾಕು. ಬೆಳಗಿನವರೆಗೆ ಕಾಯಬಹುದು ಎನ್ನುವಾಗ ಆ ಬೆಳಿಗ್ಗೆ ಕೆಲಸಕ್ಕೆ ಯಾರಾದರೂ ಬರುತ್ತಾರೆಯೇ ಎಂಬುದನ್ನು ನೋಡದಿದ್ದರೆ, ರಜೆಯ ದಿನಗಳು ಈ ಇಡೀ ಏರ್ಪಾಡಿನ ದೊಡ್ಡ ತೂತಾಗುತ್ತವೆ.

ಮಾರಾಟದ ವರದಿಗೆ ಈ ಲೆಕ್ಕವೇ ಬೇಕಿಲ್ಲ. ಅದನ್ನು ಓದುವವರು ಕಚೇರಿಗೆ ಬಂದು ಕೇಳುವಷ್ಟರಲ್ಲಿ ಮತ್ತೆ ನಡೆಸಿ ಕೊಡಬಹುದು. ಬೆಳಗಿನ ಪಟ್ಟಿಯ ಕೊನೆಯಲ್ಲಿ ಅದಕ್ಕೆ ಒಂದು ಸಾಲು ಸಾಕು.

ದರ್ಜೆಯಿಂದ ದಾರಿಗೆ

ದರ್ಜೆ ತೀರ್ಮಾನವಾದ ಮೇಲೆ ಅದನ್ನು ಯಂತ್ರಕ್ಕೆ ಹೇಳಬೇಕು. ಇದಕ್ಕೆ ಹಲವು ಸಾಫ್ಟ್‌ವೇರ್‌ಗಳಿವೆ. ಉಚಿತವಾಗಿ ಸಿಗುವ, ಬಹಳ ಬಳಕೆಯಲ್ಲಿರುವ ಒಂದು ಅಲರ್ಟ್‌ಮ್ಯಾನೇಜರ್. ಪ್ರತಿ ಅಲರ್ಟ್‌ಗೂ ಹಣೆಚೀಟಿಯಂತೆ ಲೇಬಲ್ ಇರುತ್ತದೆ. ಆ ಲೇಬಲ್ ನೋಡಿ ಅಲರ್ಟ್‌ಮ್ಯಾನೇಜರ್ ದಾರಿ ಆರಿಸುತ್ತದೆ. ಮೇಲಿನ ಒಕ್ಕೂಟದ ಏರ್ಪಾಡಿನ ಮುಖ್ಯ ಭಾಗ ಹೀಗಿರುತ್ತದೆ:

```
route:
  receiver: team-mail
  routes:
    - matchers: [ 'severity="page"' ]
      receiver: night-phone
    - matchers: [ 'severity="morning"' ]
      receiver: day-desk
      active_time_intervals: [ office ]

time_intervals:
  - name: office
    time_intervals:
      - weekdays: [ 'monday:saturday' ]
        times:
          - start_time: '09:00'
            end_time: '18:00'
        location: 'Asia/Kolkata'
```

page ಎಂಬ ಲೇಬಲ್ ಇರುವುದು ಯಾವ ಹೊತ್ತಾದರೂ ಫೋನಿಗೆ ಹೋಗುತ್ತದೆ. morning ಎಂಬುದು ಕಚೇರಿಯ ಹೊತ್ತಿನಲ್ಲಿ ಮಾತ್ರ ಹೊರಡುತ್ತದೆ. ರಾತ್ರಿ ಬಂದದ್ದು, ಬೆಳಿಗ್ಗೆಯೂ ಸರಿಯಾಗಿರದಿದ್ದರೆ, 9 ಗಂಟೆಯ ನಂತರ ಕೆಲವೇ ನಿಮಿಷಗಳಲ್ಲಿ ತಲುಪುತ್ತದೆ. ಯಾವ ಲೇಬಲ್ಲೂ ಹೊಂದದ್ದು ಮೊದಲ ಸಾಲಿನಲ್ಲಿರುವ ಮೇಲ್‌ಗೆ ಹೋಗುತ್ತದೆ. ಹೊಸ ಜಾಬ್ ಸೇರಿಸಿದವರು ಲೇಬಲ್ ಹಾಕಲು ಮರೆತರೂ ಅಲರ್ಟ್ ಕಳೆದುಹೋಗದಿರಲಿ ಎಂದು ಈ ಏರ್ಪಾಡು. ಭಾನುವಾರದ ಬ್ಯಾಕಪ್‌ಗೆ ಇದೇ ರೀತಿ ಬೇರೊಂದು ಸಮಯದ ಪಟ್ಟಿ ಮಾಡಿ ಫೋನಿಗೆ ದಾರಿ ಕೊಡಬೇಕು.

ಕೊನೆಯ ಸಾಲಿನಲ್ಲಿ ಒಂದು ಅಪಾಯ ಅಡಗಿದೆ. location ಬರೆಯದಿದ್ದರೆ ಅಲರ್ಟ್‌ಮ್ಯಾನೇಜರ್ ಗಂಟೆಗಳನ್ನು ಯುಟಿಸಿ, ಅಂದರೆ ಗ್ರೀನಿಚ್ ಲೆಕ್ಕದ ಸಮಯ ಎಂದುಕೊಳ್ಳುತ್ತದೆ. ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಬೆಳಿಗ್ಗೆ 9 ಎಂದು ಬರೆದದ್ದು ನಮ್ಮಲ್ಲಿ ಮಧ್ಯಾಹ್ನ 2:30 ಆಗುತ್ತದೆ. ಪಾವತಿ ಕಡತ ಬಿದ್ದ ಸುದ್ದಿ ಬರುವಷ್ಟರಲ್ಲಿ ಬ್ಯಾಂಕಿನ 12 ಗಂಟೆಯ ಗಡುವು ಮುಗಿದು ಎರಡೂವರೆ ಗಂಟೆ ಕಳೆದಿರುತ್ತದೆ. ಸಂರಚನೆಯಲ್ಲಿ ಎಲ್ಲೂ ದೋಷ ಕಾಣದು, ಸಂದೇಶವೂ ತಪ್ಪದೆ ಬರುತ್ತದೆ, ಬರುವ ಹೊತ್ತು ಮಾತ್ರ ತಪ್ಪು. ಇದನ್ನು ಕಂಡುಹಿಡಿಯಲು ಒಂದೇ ಮಾರ್ಗ: ರಾತ್ರಿ ಬೇಕೆಂದೇ ಒಂದು ಸುಳ್ಳು ಅಲರ್ಟ್ ಹುಟ್ಟಿಸಿ, ಅದು ಎಷ್ಟು ಗಂಟೆಗೆ ಯಾರಿಗೆ ಬಂತು ಎಂದು ನೋಡುವುದು.

ಒಂದೇ ಕಾರಣದಿಂದ ಹಲವು ಜಾಬ್ ಬೀಳುವ ರಾತ್ರಿಗಳೂ ಇರುತ್ತವೆ. 10:45ಕ್ಕೆ ಡೇಟಾಬೇಸ್ ನಿಂತರೆ ಬ್ಯಾಕಪ್, ಲೋಡಿಂಗ್ ಪಟ್ಟಿ, ಪಾವತಿ ಕಡತ, ವರದಿ ನಾಲ್ಕೂ ಬೀಳುತ್ತವೆ. ನಾಲ್ಕು ಅಲರ್ಟ್ ನಾಲ್ಕು ದಿಕ್ಕಿಗೆ ಎಳೆದರೆ ಎದ್ದವರಿಗೆ ಮೂಲ ಯಾವುದೆಂದು ತಿಳಿಯುವುದೇ ತಡವಾಗುತ್ತದೆ. ಆದ್ದರಿಂದ ಡೇಟಾಬೇಸ್ ನಿಂತಿದೆ ಎಂಬ ಅಲರ್ಟ್ ಜಾರಿಯಲ್ಲಿರುವಾಗ ಅದನ್ನು ಅವಲಂಬಿಸಿದ ಜಾಬ್‌ಗಳ ಅಲರ್ಟ್‌ಗಳನ್ನು ತಡೆಹಿಡಿಯುವ ನಿಯಮ ಬರೆಯುತ್ತಾರೆ. ಅದರ ಹೆಸರು ಇನ್ಹಿಬಿಷನ್. ಇಲ್ಲಿ ನೆನಪಿಡಬೇಕಾದದ್ದು ಒಂದು: ತಡೆಹಿಡಿಯುವ ಅಲರ್ಟ್‌ನ ದರ್ಜೆ, ತಡೆಹಿಡಿಯಲ್ಪಟ್ಟವುಗಳಲ್ಲಿ ಅತಿ ತುರ್ತಿನದಕ್ಕಿಂತ ಕೆಳಗಿರಕೂಡದು. ಡೇಟಾಬೇಸಿನ ಅಲರ್ಟ್ ಬೆಳಗಿನ ದರ್ಜೆಯಲ್ಲಿದ್ದು ಲೋಡಿಂಗ್ ಪಟ್ಟಿಯ ಫೋನ್ ಕರೆಯನ್ನು ತಡೆದರೆ, ಎಲ್ಲ ನಿಯಮಗಳೂ ತಂತಮ್ಮ ಕೆಲಸ ಸರಿಯಾಗಿ ಮಾಡಿದರೂ ವ್ಯಾನುಗಳು ಖಾಲಿ ನಿಲ್ಲುತ್ತವೆ.

ಫೋನಿಗೆ ಬರುವ ಸಂದೇಶದ ಮಾತುಗಳೂ ರೂಟಿಂಗ್‌ನಷ್ಟೇ ಮುಖ್ಯ. ‘ಜಾಬ್ 14 ವಿಫಲ, ಎಕ್ಸಿಟ್ ಕೋಡ್ 1’ ಎಂಬುದನ್ನು ನಿದ್ದೆಗಣ್ಣಿನಲ್ಲಿ ಓದಿದವರು ಏನು ಮಾಡಬೇಕೆಂದು ಹುಡುಕುವುದರಲ್ಲೇ ಹತ್ತು ನಿಮಿಷ ಕಳೆಯುತ್ತಾರೆ. ‘ಇಂದಿನ ಲೋಡಿಂಗ್ ಪಟ್ಟಿ ಸಿದ್ಧವಾಗಿಲ್ಲ. 3 ಗಂಟೆಯೊಳಗೆ ಬೇಕು. ಎರಡು ಸಲ ಪ್ರಯತ್ನಿಸಿ ವಿಫಲ. ಮತ್ತೆ ನಡೆಸಿದರೆ ಹಾನಿಯಿಲ್ಲ’ ಎಂದಿದ್ದರೆ, ಜೊತೆಗೆ ಮಾಡಬೇಕಾದ ಹೆಜ್ಜೆಗಳ ಪುಟದ ಕೊಂಡಿಯೂ ಇದ್ದರೆ, 15 ನಿಮಿಷದ ಲೆಕ್ಕ ನಿಜವಾಗುತ್ತದೆ.

ಸದ್ದಿಲ್ಲದೆ ಬೀಳುವ ಜಾಬ್‌ಗಳು

ಇಷ್ಟೆಲ್ಲ ಏರ್ಪಾಡು ನಿಂತಿರುವುದು ಒಂದು ನಂಬಿಕೆಯ ಮೇಲೆ: ಜಾಬ್ ವಿಫಲವಾದರೆ ಅದು ಹೇಳುತ್ತದೆ ಎಂಬುದರ ಮೇಲೆ. ಆ ನಂಬಿಕೆ ಸುಳ್ಳಾಗುವ ದಾರಿಗಳು ಹಲವು. cron ತಾನಾಗಿ ಮೇಲ್ ಕಳಿಸುವುದು ಜಾಬ್ ವಿಫಲವಾದಾಗ ಅಲ್ಲ, ಜಾಬ್ ಏನಾದರೂ ಬರೆದು ತೋರಿಸಿದಾಗ. ಏನೂ ಬರೆಯದೆ ಸತ್ತ ಜಾಬ್‌ನಿಂದ ಮೇಲ್ ಬರುವುದಿಲ್ಲ. ಸರಿಯಾಗಿಯೇ ನಡೆದರೂ ನಾಲ್ಕು ಸಾಲು ಬರೆಯುವ ಜಾಬ್‌ನಿಂದ ದಿನವೂ ಬರುತ್ತದೆ. ಸರ್ವರ್ ಆ ಹೊತ್ತಿಗೆ ಬಂದ್ ಆಗಿದ್ದರೆ ಜಾಬ್ ಶುರುವೇ ಆಗಿರುವುದಿಲ್ಲ, ಹೇಳುವವರೇ ಇಲ್ಲ.

ಇನ್ನೊಂದು ದಾರಿ ಬ್ಯಾಕಪ್‌ನ ಈ ಒಂದು ಸಾಲಿನಲ್ಲಿದೆ:

```
pg_dump dairy | gzip > /backup/dairy.sql.gz
```

ಮೊದಲ ಭಾಗ ಡೇಟಾಬೇಸನ್ನು ಓದುತ್ತದೆ, ಎರಡನೆಯದು ಅದನ್ನು ಒತ್ತಿ ಚಿಕ್ಕದು ಮಾಡಿ ಕಡತಕ್ಕೆ ಬರೆಯುತ್ತದೆ. pg_dump ಪಾಸ್‌ವರ್ಡ್ ತಪ್ಪಾಗಿ ಮೊದಲ ಹೆಜ್ಜೆಯಲ್ಲೇ ಬಿದ್ದರೂ gzip ತನಗೆ ಬಂದ ಶೂನ್ಯವನ್ನೇ ಯಶಸ್ವಿಯಾಗಿ ಒತ್ತಿ 20 ಬೈಟ್‌ನ ಕಡತ ಮಾಡುತ್ತದೆ. ಶೆಲ್ ನೋಡುವುದು ಸಾಲಿನ ಕೊನೆಯ ಪ್ರೋಗ್ರಾಂನ ಫಲಿತಾಂಶವನ್ನು ಮಾತ್ರ, ಹಾಗಾಗಿ ಇಡೀ ಸಾಲು ಯಶಸ್ವಿ ಎಂದು ದಾಖಲಾಗುತ್ತದೆ. ಬ್ಯಾಷ್ ಶೆಲ್‌ನಲ್ಲಿ ಮೇಲೊಂದು ಸಾಲು set -o pipefail ಎಂದು ಬರೆದರೆ ಈ ದೋಷ ಬಯಲಾಗುತ್ತದೆ. ಅದಕ್ಕಿಂತ ಗಟ್ಟಿಯಾದ ಪರೀಕ್ಷೆ ಎಂದರೆ ಕಡತದ ಗಾತ್ರವನ್ನು ನಿನ್ನೆಯದಕ್ಕೆ ಹೋಲಿಸುವುದು, ಆಗಾಗ ಒಂದು ಬ್ಯಾಕಪ್ಪನ್ನು ನಿಜವಾಗಿ ತೆರೆದು ನೋಡುವುದು.

ಇದು ಪುಸ್ತಕದ ಎಚ್ಚರಿಕೆಯಲ್ಲ ಎಂಬುದಕ್ಕೆ ಗಿಟ್‌ಲ್ಯಾಬ್ ಸಂಸ್ಥೆಯ ಅನುಭವ ಸಾಕ್ಷಿ. 2017ರ ಜನವರಿ 31ರಂದು ಅಲ್ಲಿನ ಎಂಜಿನಿಯರೊಬ್ಬರು ದುರಸ್ತಿಯ ನಡುವೆ ಕಣ್ತಪ್ಪಿನಿಂದ ಮುಖ್ಯ ಡೇಟಾಬೇಸಿನ ಕಡತಗಳನ್ನು ಅಳಿಸಿದರು. ಮರಳಿ ತರಲು ಬ್ಯಾಕಪ್ ಹುಡುಕಿದಾಗ ಅದು ಇರಲೇ ಇಲ್ಲ. ಡೇಟಾಬೇಸ್ 9.6ನೇ ಆವೃತ್ತಿಯದಾಗಿದ್ದು, ಬ್ಯಾಕಪ್ ಜಾಬ್ 9.2ನೇ ಆವೃತ್ತಿಯ pg_dump ಬಳಸುತ್ತಿದ್ದುದರಿಂದ ಅದು ವಿಫಲವಾಗುತ್ತಲೇ ಬಂದಿತ್ತು. cron ಆ ಸುದ್ದಿಯನ್ನು ಮೇಲ್ ಮೂಲಕ ಕಳಿಸುತ್ತಲೂ ಇತ್ತು. ಆದರೆ ನಕಲಿ ಮೇಲ್ ತಡೆಯುವ ಡಿಮಾರ್ಕ್ ಎಂಬ ನಿಯಮಕ್ಕೆ ಹೊಂದದ ಆ ಮೇಲ್‌ಗಳನ್ನು ಮೇಲ್ ಸರ್ವರ್ ತಿರಸ್ಕರಿಸುತ್ತಿತ್ತು. ಬೇರೊಂದು ಉದ್ದೇಶಕ್ಕೆ ಸುಮಾರು ಆರು ಗಂಟೆ ಮೊದಲು ತೆಗೆದಿಟ್ಟಿದ್ದ ಪ್ರತಿಯೊಂದು ಇದ್ದುದರಿಂದ ಹೆಚ್ಚಿನದು ಉಳಿಯಿತು. ಆ ಆರು ಗಂಟೆಗಳ ದತ್ತಾಂಶ ಹೋಯಿತು: ಸಂಸ್ಥೆಯೇ ಪ್ರಕಟಿಸಿದ ವರದಿಯ ಅಂದಾಜಿನಂತೆ ಸುಮಾರು 5,000 ಪ್ರಾಜೆಕ್ಟ್, 5,000 ಟಿಪ್ಪಣಿ, 700 ಹೊಸ ಬಳಕೆದಾರರು. ಜಾಬ್ ವಿಫಲವಾಗಿತ್ತು, ಅಲರ್ಟ್ ಹೊರಟಿತ್ತು, ದಾರಿ ಮಾತ್ರ ಮುಚ್ಚಿತ್ತು.

ಇಂಥದ್ದಕ್ಕೆ ಪರಿಹಾರ ಪ್ರಶ್ನೆಯನ್ನು ತಿರುಗಿಸುವುದರಲ್ಲಿದೆ. ವಿಫಲವಾಯಿತು ಎಂಬ ಸುದ್ದಿಗೆ ಕಾಯುವ ಬದಲು, ಯಶಸ್ಸಿನ ಗುರುತು ಗಡುವಿನೊಳಗೆ ಬರದಿದ್ದರೆ ಅದೇ ಅಲರ್ಟ್ ಎಂದು ಭಾವಿಸುವುದು. ಒಕ್ಕೂಟದ ಉದಾಹರಣೆಯಲ್ಲಿ 1:50ಕ್ಕೆ ಕೇಳಬೇಕಾದದ್ದು, ಜಾಬ್ ಬಿತ್ತೇ ಎಂದಲ್ಲ, ಇಂದಿನ ದಿನಾಂಕದ ಪಟ್ಟಿ ಇದೆಯೇ, ಅದರಲ್ಲಿ ಎಲ್ಲ ರೂಟ್‌ಗಳೂ ಇವೆಯೇ ಎಂದು. ಕೊನೆಯ ಯಶಸ್ಸಿನಿಂದ 24 ಗಂಟೆ 10 ನಿಮಿಷ ಕಳೆದರೆ ಫೋನ್ ಎಂಬ ನಿಯಮ ಮೇಲ್ನೋಟಕ್ಕೆ ಇದನ್ನೇ ಮಾಡುವಂತೆ ಕಾಣುತ್ತದೆ. ಆದರೆ ನಿನ್ನೆ ದುರಸ್ತಿಯಾಗಿ 2:40ಕ್ಕೆ ಪಟ್ಟಿ ಬಂದಿದ್ದರೆ ಇಂದು ಫೋನ್ ಬರುವುದು 2:50ಕ್ಕೆ. ಅಷ್ಟು ಹೊತ್ತಿಗೆ ಮಾಡಲು ಏನೂ ಉಳಿದಿರುವುದಿಲ್ಲ. ಆದ್ದರಿಂದ ಗಡುವಿರುವ ಜಾಬ್‌ಗೆ ಗಡಿಯಾರದ ಹೊತ್ತನ್ನೇ ಅಳತೆಯಾಗಿ ಇಡಬೇಕು.

ಈ ಪರೀಕ್ಷೆ ಅದೇ ಸರ್ವರ್‌ನಲ್ಲಿ ನಡೆದರೆ ಸರ್ವರ್ ನಿಂತ ದಿನ ಪರೀಕ್ಷೆಯೂ ನಿಲ್ಲುತ್ತದೆ. ಅದಕ್ಕಾಗಿ ಜಾಬ್ ಮುಗಿದೊಡನೆ ಹೊರಗಿನ ಸೇವೆಯೊಂದಕ್ಕೆ ಒಂದು ಪುಟ್ಟ ಸಂಕೇತ ಕಳಿಸುತ್ತಾರೆ. ಸಂಕೇತ ನಿಗದಿತ ಹೊತ್ತಿಗೆ ಬರದಿದ್ದರೆ ಆ ಸೇವೆಯೇ ಫೋನ್ ಮಾಡುತ್ತದೆ. ಅಲರ್ಟ್‌ಮ್ಯಾನೇಜರ್ ಬದುಕಿದೆಯೇ ಎಂದು ನೋಡಲೂ ಇದೇ ತಂತ್ರ ಬಳಸುತ್ತಾರೆ: ಸದಾ ಮೊಳಗುತ್ತಿರುವ ಒಂದು ಅಲರ್ಟನ್ನು ಹೊರಗಿನ ಸೇವೆಗೆ ಕಳಿಸುತ್ತಿರುತ್ತಾರೆ, ಅದು ನಿಂತರೆ ಕಾವಲುಗಾರನೇ ಬಿದ್ದಿದ್ದಾನೆ ಎಂದರ್ಥ.

ಗೆರೆ ಸರಿಯಾಗಿದೆಯೇ ಎಂದು ತಿಳಿಯುವುದು

ದರ್ಜೆಗಳು ತಪ್ಪಾಗಿವೆ ಎಂಬುದಕ್ಕೆ ಗುರುತುಗಳಿವೆ. ರಾತ್ರಿ ಎದ್ದವರು ಏನೂ ಮಾಡದೆ, ನೋಡಿ ಮತ್ತೆ ಮಲಗಿದರೆ ಆ ಅಲರ್ಟ್ ಮೇಲಿನ ದರ್ಜೆಯಲ್ಲಿ ಇರಬಾರದಿತ್ತು. ಎದ್ದು ಪ್ರತಿಸಲವೂ ಒಂದೇ ಆದೇಶ ಬರೆದು ಸರಿಮಾಡಿದರೆ ಆ ಆದೇಶವನ್ನು ಜಾಬ್‌ನಲ್ಲೇ ಸೇರಿಸಬೇಕಿತ್ತು. ಬೆಳಗಿನ ಪಟ್ಟಿಯಲ್ಲಿದ್ದ ಅಲರ್ಟನ್ನು ಕಚೇರಿಯವರಿಗಿಂತ ಮೊದಲು ಗ್ರಾಹಕರು ಕಂಡಿದ್ದರೆ ಅದರ ದರ್ಜೆ ಏರಬೇಕು. ಬೆಳಗಿನ ಪಟ್ಟಿಯಲ್ಲಿ ವಾರಗಟ್ಟಲೆ ಯಾರೂ ಮುಟ್ಟದೆ ಉಳಿದದ್ದಿದ್ದರೆ ಅದನ್ನು ದಾಖಲೆಗೆ ಇಳಿಸಬೇಕು, ಇಲ್ಲವೇ ಆ ಜಾಬನ್ನೇ ನಿಲ್ಲಿಸಬೇಕು. ವಾರಕ್ಕೊಮ್ಮೆ ರಾತ್ರಿಯ ಕರೆಗಳನ್ನು ಒಂದೊಂದಾಗಿ ಮುಂದಿಟ್ಟುಕೊಂಡು ಈ ಪ್ರಶ್ನೆಗಳನ್ನು ಕೇಳುವ ತಂಡದಲ್ಲಿ ಕರೆಗಳ ಸಂಖ್ಯೆ ತಾನಾಗಿ ಇಳಿಯುತ್ತದೆ. ಒಂದು ಘಟನೆಯ ಮೂಲ ಹುಡುಕಿ, ಸರಿಪಡಿಸಿ, ವರದಿ ಬರೆಯಲು ಸುಮಾರು ಆರು ಗಂಟೆ ಬೇಕು, ಆದ್ದರಿಂದ ಹನ್ನೆರಡು ಗಂಟೆಯ ಪಾಳಿಯಲ್ಲಿ ಎರಡಕ್ಕಿಂತ ಹೆಚ್ಚು ಘಟನೆ ಇರಬಾರದು ಎಂದು ಗೂಗಲ್‌ನ ಪುಸ್ತಕ ಮಿತಿ ಹೇಳುತ್ತದೆ. ಸಣ್ಣ ಸಂಸ್ಥೆಗಳಲ್ಲಿ ರಾತ್ರಿ ಎದ್ದವರೇ ಬೆಳಿಗ್ಗೆ ಕಚೇರಿಗೂ ಬರಬೇಕಾಗುವುದರಿಂದ ಅಲ್ಲಿ ಈ ಮಿತಿ ಇನ್ನೂ ಕಡಿಮೆ ಇರಬೇಕು.

ಎಲ್ಲಕ್ಕಿಂತ ಉತ್ತಮವಾದ ಪರಿಹಾರ ಎಷ್ಟೋ ಸಲ ಅಲರ್ಟ್‌ನಲ್ಲಿ ಇರುವುದೇ ಇಲ್ಲ, ಜಾಬ್‌ನ ವೇಳಾಪಟ್ಟಿಯಲ್ಲಿ ಇರುತ್ತದೆ. ಒಕ್ಕೂಟ ಇಂಡೆಂಟ್ ತೆಗೆದುಕೊಳ್ಳುವುದು ಸಂಜೆ 8ಕ್ಕೆ ಮುಗಿಯುವುದಾದರೆ, ಲೋಡಿಂಗ್ ಪಟ್ಟಿ 1:30ರವರೆಗೆ ಕಾಯಬೇಕಾದ ಕಾರಣವಿಲ್ಲ. ರಾತ್ರಿ ಸರ್ವರ್ ಬಿಡುವಾಗಿರುತ್ತದೆ ಎಂದು ಹಿಂದೆಂದೋ ಇಟ್ಟ ಹೊತ್ತು ಅದು. 8:30ಕ್ಕೆ ನಡೆಸಿದರೆ ಬಿದ್ದ ಸುದ್ದಿ ಜನ ಎಚ್ಚರವಿರುವಾಗಲೇ ಸಿಗುತ್ತದೆ, ಸರಿಪಡಿಸಲು ಆರು ಗಂಟೆಗೂ ಹೆಚ್ಚು ಉಳಿಯುತ್ತದೆ. ಇಡೀ ರಾತ್ರಿಯಲ್ಲಿ ಫೋನಿಗೆ ಹಕ್ಕಿದ್ದ ಒಂದೇ ಒಂದು ಜಾಬ್ ಹೀಗೆ ಹಗಲಿನ ಕಡೆಗೆ ಸರಿಯುತ್ತದೆ.

ಆದ್ದರಿಂದ ಯಾವುದೇ ಸಂಸ್ಥೆ ಹೊಸ ಜಾಬ್ ಒಂದನ್ನು ವೇಳಾಪಟ್ಟಿಗೆ ಸೇರಿಸುವ ಮೊದಲು ನಾಲ್ಕು ಸಂಗತಿಗಳನ್ನು ಬರೆದಿಡಬೇಕು: ಇದರ ಫಲಿತಾಂಶ ಯಾರಿಗೆ ಬೇಕು, ಎಷ್ಟು ಗಂಟೆಯೊಳಗೆ ಬೇಕು, ಕೆಟ್ಟರೆ ಸರಿಪಡಿಸಲು ಎಷ್ಟು ಹೊತ್ತು ಹಿಡಿಯುತ್ತದೆ, ಎರಡನೇ ಸಲ ನಡೆಸಿದರೆ ಹಾನಿಯಿದೆಯೇ. ಈ ನಾಲ್ಕಕ್ಕೆ ಉತ್ತರ ಇದ್ದರೆ ದರ್ಜೆ ತಾನಾಗಿ ಗೊತ್ತಾಗುತ್ತದೆ. ಉತ್ತರ ಇಲ್ಲದ ಜಾಬ್‌ಗಾಗಿ ಯಾರನ್ನೂ ರಾತ್ರಿ ಎಬ್ಬಿಸುವ ಹಕ್ಕು ಯಾವ ಸಂಸ್ಥೆಗೂ ಇಲ್ಲ.